ಟಾರ್ಚಿಗೆ ಕಾಣುವ ಗಂಟಲು, ಕಾಣದ ಗಂಟಲು

ಸೆಪ್ಟೆಂಬರ್ ಬಂತೆಂದರೆ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ ಲಾರಿಗಳು ಒಂದರ ಹಿಂದೊಂದು ಬರತೊಡಗುತ್ತವೆ. ಚೀಲ ಸುರಿದಾಗ ಏಳುವ ಸಿಪ್ಪೆಯ ದೂಳಿನಲ್ಲಿ ನಿಂತು ಹರಾಜು ಕೂಗುವವರ ಗಂಟಲು ವಾರ ಮುಗಿಯುವಷ್ಟರಲ್ಲಿ ಕೂತುಬಿಡುತ್ತದೆ. ಅದೇ ದಿನಗಳಲ್ಲಿ ಯಲಹಂಕದ ಶಾಲೆಯಿಂದ ಜ್ವರ ಹೊತ್ತು ಬಂದ ಮಗು ಎಂಜಲು ನುಂಗಲೂ ಅಳುತ್ತದೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ದಿನವೂ ಸ್ಕೂಟರಿನಲ್ಲಿ ಓಡಾಡುವವರಿಗೆ ಬೆಳಿಗ್ಗೆ ಏಳುತ್ತಲೇ ಗಂಟಲು ಕೆರೆತ. ಮೂವರೂ ಕ್ಲಿನಿಕ್ಕಿಗೆ ಹೋಗಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಗಂಟಲು ಸರಿ ಇಲ್ಲ." ಹೊರಗೆ ಬಂದಾಗ ಚೀಟಿಯ ಮೇಲೆ ಮಾತ್ರ ಬೇರೆ ಬೇರೆ ಹೆಸರು ಇರುತ್ತದೆ. ಒಬ್ಬರಿಗೆ ಲ್ಯಾರಿಂಜೈಟಿಸ್, ಇನ್ನೊಬ್ಬರಿಗೆ ಟಾನ್ಸಿಲೈಟಿಸ್, ಮತ್ತೊಬ್ಬರಿಗೆ ಫ್ಯಾರಿಂಜೈಟಿಸ್.

ಈ ಮೂರೂ ಹೆಸರು ಉರಿಯೂತ ಎಲ್ಲಿದೆ ಎಂಬುದನ್ನು ಹೇಳುತ್ತವೆ, ಯಾವುದರಿಂದ ಬಂತು ಎಂಬುದನ್ನು ಹೇಳುವುದಿಲ್ಲ. ಫ್ಯಾರಿಂಜೈಟಿಸ್ ಎಂದರೆ ಗಂಟಲಕುಳಿಯ ಗೋಡೆ ಊದಿ ಕೆಂಪಾಗಿದೆ ಎಂದರ್ಥ. ಟಾನ್ಸಿಲೈಟಿಸ್ ಎಂದರೆ ಅದೇ ಗಂಟಲಕುಳಿಯ ಬಾಗಿಲಲ್ಲಿ ಎಡಬಲಕ್ಕೆ ಕೂತ ಎರಡು ಗಂಟುಗಳಿಗೆ ಹಾಗಾಗಿದೆ. ಲ್ಯಾರಿಂಜೈಟಿಸ್ ಎಂದರೆ ಇನ್ನೂ ಕೆಳಗೆ, ಕತ್ತಿನ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆಯ ಒಳಪದರಕ್ಕೆ. ವೈರಸ್ಸೋ, ಬ್ಯಾಕ್ಟೀರಿಯಾವೋ, ದೂಳೋ, ಹೊಟ್ಟೆಯ ಆಮ್ಲವೋ, ಬರಿದೆ ಕೂಗಾಟವೋ ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ. ಹಾಗಿದ್ದೂ ಜಾಗ ಗೊತ್ತಾದರೆ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ. ಹೇಗೆಂದು ನೋಡಲು ಮೊದಲು ಗಂಟಲೊಳಗೆ ಇಣುಕಬೇಕು.

ಕನ್ನಡಿ ಮುಂದೆ ನಿಂತು, ಮೊಬೈಲಿನ ಟಾರ್ಚ್ ಹಿಡಿದು, ಬಾಯಿ ಅಗಲಿಸಿ "ಆ" ಎನ್ನಿ. ನಡುವೆ ಜೋತು ಬಿದ್ದಿರುವುದು ಕಿರುನಾಲಿಗೆ. ಅದರ ಬುಡದಿಂದ ಎರಡೂ ಪಕ್ಕಕ್ಕೆ ಎರಡೆರಡು ಕಮಾನುಗಳು ಇಳಿಯುತ್ತವೆ. ಮುಂದಿನದು ನಾಲಿಗೆಯ ಬುಡಕ್ಕೆ ಹೋಗುತ್ತದೆ, ಹಿಂದಿನದು ಗಂಟಲಿನ ಗೋಡೆಗೆ. ಆ ಎರಡು ಕಮಾನುಗಳ ನಡುವಿನ ಸಂದಿನಲ್ಲಿ ಕೂತಿರುವುದೇ ಟಾನ್ಸಿಲ್. ಚಿಕ್ಕ ಮಕ್ಕಳಲ್ಲಿ ಅದು ಎದ್ದು ಕಾಣುತ್ತದೆ. ಹದಿಹರೆಯ ದಾಟಿದ ಮೇಲೆ ಕುಗ್ಗುತ್ತಾ ಬಂದು, ದೊಡ್ಡವರಲ್ಲಿ ಎಷ್ಟೋ ಸಲ ಹುಡುಕಿ ನೋಡಬೇಕಾಗುತ್ತದೆ. ಕಿರುನಾಲಿಗೆಯ ಹಿಂದೆ, ಟಾರ್ಚಿನ ಬೆಳಕು ನೇರವಾಗಿ ಬೀಳುವ ಒದ್ದೆ ಗೋಡೆ ಗಂಟಲಕುಳಿಯ ನಡುಭಾಗ. ಇಷ್ಟೇ ನಮಗೆ ಕಾಣುವುದು.

ಗಂಟಲಕುಳಿ ಅಷ್ಟಕ್ಕೇ ಮುಗಿಯುವುದಿಲ್ಲ. ದೊಡ್ಡವರಲ್ಲಿ ಸುಮಾರು 12 ಸೆಂಟಿಮೀಟರ್ ಉದ್ದದ ಈ ಕೊಳವೆ ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದೆ ಶುರುವಾಗಿ, ಬಾಯಿಯ ಹಿಂದೆ ಹಾದು, ಕತ್ತಿನ ನಡುವಿನಲ್ಲಿ ಅನ್ನನಾಳಕ್ಕೆ ಸೇರುತ್ತದೆ. ಮೇಲಿನ ಭಾಗ ಅಂಗುಳಿನ ಮರೆಯಲ್ಲಿದೆ. ಮಕ್ಕಳ ಅಡಿನಾಯ್ಡ್ ಇರುವುದು ಅಲ್ಲಿ. ಕೆಳಗಿನ ಭಾಗ ನಾಲಿಗೆಯ ಮರೆಯಲ್ಲಿದೆ. ಅದರ ಮುಂದುಗಡೆ, ಉಸಿರಿನ ದಾರಿಯ ಬಾಯಲ್ಲಿ, ಧ್ವನಿಪೆಟ್ಟಿಗೆ. ಕತ್ತಿನ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿದರೆ ಮೇಲೆದ್ದು ಇಳಿಯುವುದು ಅದೇ. ಎಷ್ಟೇ ಅಗಲ ಬಾಯಿ ತೆರೆದರೂ, ಎಂಥ ಟಾರ್ಚ್ ಹಿಡಿದರೂ ಧ್ವನಿಯ ತಂತುಗಳು ಬಾಯಿಂದ ಕಾಣುವುದಿಲ್ಲ.

ರೋಗಿ ಕೈ ಎಲ್ಲಿಡುತ್ತಾನೆ ಎಂಬುದನ್ನೂ ಅನುಭವಿ ವೈದ್ಯರು ಗಮನಿಸುತ್ತಾರೆ. ಟಾನ್ಸಿಲ್ ಊದಿದವರು ದವಡೆಯ ಮೂಲೆಯ ಕೆಳಗೆ ಎರಡು ಬೆರಳಿಡುತ್ತಾರೆ, ಏಕೆಂದರೆ ಟಾನ್ಸಿಲ್‌ನ ಸೋಂಕು ಮೊದಲು ಇಳಿಯುವ ದುಗ್ಧರಸದ ಗಂಟು ಅಲ್ಲೇ ಇದೆ. ನುಂಗುವಾಗ ಕಿವಿಯೊಳಕ್ಕೂ ಚುಚ್ಚಿದಂತಾಗುತ್ತದೆ ಎನ್ನುತ್ತಾರೆ. ಟಾನ್ಸಿಲ್‌ಗೂ ಕಿವಿಯ ಒಳಭಾಗಕ್ಕೂ ಒಂದೇ ನರದ ಎಳೆಗಳು ಹೋಗುವುದರಿಂದ ಹಾಗೆ, ಕಿವಿಯಲ್ಲಿ ರೋಗವೇನೂ ಇರುವುದಿಲ್ಲ. ಧ್ವನಿ ಕೂತವರ ಕೈ ಹೋಗುವುದು ಕತ್ತಿನ ಮುಂಭಾಗಕ್ಕೆ. ಅವರಿಗೆ ನುಂಗಲು ಅಷ್ಟೇನೂ ತೊಂದರೆ ಇರುವುದಿಲ್ಲ, ಮಾತನಾಡಲೇ ಕಷ್ಟ.

ಫ್ಯಾರಿಂಜೈಟಿಸ್ ವಿಷಯ ಬೇಗ ಮುಗಿಸಬಹುದು, ಅದು ತಾನಾಗಿಯೂ ಬೇಗ ಮುಗಿಯುವಂಥದು. ಬಹುಪಾಲು ನೆಗಡಿಯ ವೈರಸ್‌ಗಳ ಕೆಲಸ. ಗೋಡೆ ಕೆಂಪಾಗಿ, ಕೆಲವೊಮ್ಮೆ ಹರಳು ಹರಳಾಗಿ ಉಬ್ಬಿ ಕಾಣುತ್ತದೆ. ಆ ಹರಳುಗಳು ಗೋಡೆಯಲ್ಲಿ ಮೊದಲೇ ಇರುವ ರಕ್ಷಣಾ ಅಂಗಾಂಶದ ಚುಕ್ಕೆಗಳು, ಕನ್ನಡಿಯಲ್ಲಿ ನೋಡಿ ಗಡ್ಡೆಯೆಂದು ಗಾಬರಿಯಾಗಬೇಕಿಲ್ಲ. ಒಂದು ವಾರದೊಳಗೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ತಿಂಗಳುಗಟ್ಟಲೆ ಕಾಡುವ ಕೆರೆತ ಬೇರೆ ಜಾತಿಯದು. ಮೂಗು ಕಟ್ಟಿ ರಾತ್ರಿಯಿಡೀ ಬಾಯಲ್ಲಿ ಉಸಿರಾಡುವುದು, ಮೂಗಿನ ಹಿಂದಿನಿಂದ ಲೋಳೆ ಇಳಿಯುವುದು, ದೂಳು, ಹೊಗೆ, ತಡವಾಗಿ ಉಂಡು ಮಲಗಿದಾಗ ಮೇಲೆ ಬರುವ ಆಮ್ಲ, ಇವುಗಳಲ್ಲೊಂದು ಕಾರಣವಾಗಿರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಎಷ್ಟು ನುಂಗಿದರೂ ಉಪಯೋಗವಿಲ್ಲ. ಮೂಗಿಗೋ ಹೊಟ್ಟೆಗೋ ಚಿಕಿತ್ಸೆ ಮಾಡಬೇಕು.

ಉಪ್ಪುನೀರಿನ ವಿಚಾರ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಗಳಗಳ ಮಾಡಿದರೆ ಅದು ನಾಲಿಗೆಯ ಹಿಂಭಾಗಕ್ಕೆ, ಟಾನ್ಸಿಲ್‌ಗೆ, ಗಂಟಲಕುಳಿಯ ಗೋಡೆಗೆ ಸ್ವಲ್ಪಮಟ್ಟಿಗೆ ತಾಗುತ್ತದೆ. ಹಿತವೂ ಎನಿಸುತ್ತದೆ. ಧ್ವನಿಪೆಟ್ಟಿಗೆಗೆ ಮಾತ್ರ ಅದು ತಲುಪುವುದಿಲ್ಲ. ತಲುಪಿದ್ದರೆ ನೀರು ನೆತ್ತಿಗೇರಿ ಕೆಮ್ಮು ಬರುತ್ತಿತ್ತು. ಹಾಗಾಗಿ ಧ್ವನಿ ಕೂತವರು ದಿನಕ್ಕೆ ನಾಲ್ಕು ಸಲ ಗಳಗಳ ಮಾಡಿದರೂ ಔಷಧಿ ಬೀಳುವುದು ರೋಗವಿಲ್ಲದ ಜಾಗಕ್ಕೆ. ಅವರಿಗೆ ಅದಕ್ಕಿಂತ ಹಬೆ ಒಳ್ಳೆಯದು. ಉಸಿರಿನ ಜೊತೆ ಹೋಗುವುದಷ್ಟೇ ಅಲ್ಲಿಗೆ ಮುಟ್ಟುತ್ತದೆ.

ಟಾನ್ಸಿಲ್‌ನ ಕಥೆ ಇಷ್ಟು ಸರಳವಲ್ಲ. ಅದರ ಮೈಮೇಲೆ ಆಳವಾದ ಕುಳಿಗಳಿವೆ. ಬಾಯಿಗೆ ಬಂದ ರೋಗಾಣುಗಳನ್ನು ಆ ಕುಳಿಗಳಲ್ಲಿ ಹಿಡಿದಿಟ್ಟು ದೇಹಕ್ಕೆ ಪರಿಚಯ ಮಾಡಿಸುವುದು ಅದರ ಕೆಲಸ. ಸೋಂಕು ಜೋರಾದಾಗ ಕುಳಿಗಳ ಬಾಯಲ್ಲಿ ಬಿಳಿ-ಹಳದಿ ಕೀವಿನ ಚುಕ್ಕೆಗಳು ಕಾಣುತ್ತವೆ. ಬಿಳಿ ಕಂಡದ್ದೆಲ್ಲ ಬ್ಯಾಕ್ಟೀರಿಯಾ ಎಂದು ತಿಳಿಯುವಂತಿಲ್ಲ. ಕೆಲವು ವೈರಸ್‌ಗಳೂ ಇಂಥದ್ದೇ ಕೀವು ತರಿಸುತ್ತವೆ. ನೋವಿಲ್ಲದೆ, ಜ್ವರವಿಲ್ಲದೆ, ಬಾಯಿ ವಾಸನೆಯ ಜೊತೆ ಸಿಗುವ ಗಟ್ಟಿ ಬಿಳಿ ಕಾಳು ಕುಳಿಯಲ್ಲಿ ಸೇರಿದ ಕಸ ಗಟ್ಟಿಯಾದದ್ದು, ಅಷ್ಟೆ.

ಹಾಗಾದರೆ ವೈದ್ಯರು ಹೇಗೆ ತೀರ್ಮಾನಿಸುತ್ತಾರೆ? ಆರ್.ಟಿ. ನಗರದ ಒಂದು ಮನೆ ಎಂದು ಇಟ್ಟುಕೊಳ್ಳೋಣ. ಆರು ವರ್ಷದ ಹುಡುಗನಿಗೆ ನಿನ್ನೆ ಸಂಜೆಯಿಂದ 102 ಡಿಗ್ರಿ ಜ್ವರ. ತಲೆನೋವು, ಒಂದು ಸಲ ವಾಂತಿ. ಕೆಮ್ಮಿಲ್ಲ, ನೆಗಡಿಯಿಲ್ಲ. ಟಾನ್ಸಿಲ್ ಎರಡೂ ಊದಿವೆ, ಮೇಲೆ ಕೀವಿನ ಚುಕ್ಕೆ. ದವಡೆ ಕೆಳಗಿನ ಗಂಟು ಮುಟ್ಟಿದರೆ ಕೈ ತಳ್ಳುತ್ತಾನೆ. ಅದೇ ಮನೆಯಲ್ಲಿ 47 ವರ್ಷದ ತಂದೆಗೂ ಗಂಟಲು ನೋವು. ಮೂಗು ಸೋರುತ್ತಿದೆ, ಕೆಮ್ಮಿದೆ, ಮಾತು ಗೊಗ್ಗರಾಗಿದೆ. ಜ್ವರ ಇಲ್ಲ. ಗಂಟಲು ಕೆಂಪಾಗಿದೆ, ಕೀವಿಲ್ಲ, ಗಂಟು ಕೈಗೆ ಸಿಗುವುದಿಲ್ಲ. ನೋಡುವವರಿಗೆ ತಂದೆಯದೇ ದೊಡ್ಡ ಕಾಯಿಲೆ ಎನಿಸುತ್ತದೆ, ಏಕೆಂದರೆ ಅವರಿಗೆ ಮಾತೇ ಹೊರಡುತ್ತಿಲ್ಲ.

ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ 1981ರಲ್ಲಿ ನಾಲ್ಕು ಅಂಶಗಳ ಲೆಕ್ಕವೊಂದನ್ನು ಮುಂದಿಟ್ಟರು. ಟಾನ್ಸಿಲ್ ಮೇಲೆ ಕೀವಿದ್ದರೆ ಒಂದು ಅಂಕ, ಕತ್ತಿನ ಮುಂಭಾಗದ ಗಂಟು ನೋಯುತ್ತಿದ್ದರೆ ಒಂದು, ಜ್ವರವಿದ್ದರೆ ಒಂದು, ಕೆಮ್ಮು ಇಲ್ಲದಿದ್ದರೆ ಒಂದು. ಆಮೇಲೆ ಕೆನಡಾದ ಮ್ಯಾಕ್‌ಐಸ್ಯಾಕ್ ಇದಕ್ಕೆ ವಯಸ್ಸನ್ನು ಸೇರಿಸಿದರು. 3ರಿಂದ 14 ವರ್ಷದವರಿಗೆ ಒಂದು ಅಂಕ ಕೂಡುವುದು, 45 ದಾಟಿದವರಿಗೆ ಒಂದು ಕಳೆಯುವುದು. ನಮ್ಮ ಹುಡುಗನಿಗೆ ಐದಕ್ಕೆ ಐದು. ತಂದೆಗೆ ಸೊನ್ನೆಗಿಂತ ಒಂದು ಕಡಿಮೆ.

ಈ ಲೆಕ್ಕ ಹುಡುಕುತ್ತಿರುವುದು ಒಂದೇ ಒಂದು ಬ್ಯಾಕ್ಟೀರಿಯಾವನ್ನು, 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಅನ್ನು. ಗಂಟಲು ನೋವಿನ ಮಕ್ಕಳಲ್ಲಿ ನೂರಕ್ಕೆ 20-30 ಮಂದಿಗೆ ಇದು ಕಾರಣ. ದೊಡ್ಡವರಲ್ಲಿ ಇನ್ನೂ ಕಡಿಮೆ, 5ರಿಂದ 15. ಕೆಮ್ಮು ಇಲ್ಲದಿದ್ದರೆ ಅಂಕ ಕೊಡುವುದು ವಿಚಿತ್ರ ಎನಿಸಬಹುದು. ಕಾರಣ ಜಾಗದಲ್ಲೇ ಇದೆ. ಸ್ಟ್ರೆಪ್ಟೊಕಾಕಸ್ ಟಾನ್ಸಿಲ್ ಮತ್ತು ಅದರ ಸುತ್ತಲ ಗಂಟಲಕುಳಿಗೆ ಅಂಟಿಕೊಳ್ಳುತ್ತದೆ. ಮೇಲೆ ಮೂಗಿಗೆ, ಕೆಳಗೆ ಧ್ವನಿಪೆಟ್ಟಿಗೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ನೆಗಡಿಯ ವೈರಸ್‌ಗಳಿಗೆ ಅಂಥ ಮಡಿ ಇಲ್ಲ. ಮೂಗಿನಿಂದ ಹಿಡಿದು ಶ್ವಾಸನಾಳದವರೆಗೆ ಒಟ್ಟಿಗೇ ಕೆರಳಿಸುತ್ತವೆ. ಹಾಗಾಗಿ ಮೂಗು ಸೋರಿ, ಕೆಮ್ಮು ಬಂದು, ಧ್ವನಿಯೂ ಕೂತಿದ್ದರೆ ಅದು ವೈರಸ್ಸಿನ ಲಕ್ಷಣ. ಗಂಟಲು ಪೂರ್ತಿ ಹೋಗಿಬಿಟ್ಟಿದೆ ಎಂದು ಬಂದವರಿಗೆ ಆಂಟಿಬಯಾಟಿಕ್ ಬೇಕಾಗುವ ಸಾಧ್ಯತೆಯೇ ತೀರಾ ಕಡಿಮೆ.

ಬೀದಿಯಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ತಂದೆ ಮೆಡಿಕಲ್ ಶಾಪಿಗೆ ಹೋಗಿ, ಚೀಟಿ ಇಲ್ಲದೆ, ಮೂರು ಮಾತ್ರೆಯ ಅಜಿತ್ರೋಮೈಸಿನ್ ಪಟ್ಟಿ ಕೊಳ್ಳುತ್ತಾರೆ. ಅದು ಚೀಟಿ ಇಲ್ಲದೆ ಮಾರಬಾರದ ಔಷಧಿ. ಮೂರು ದಿನದಲ್ಲಿ ತಾನಾಗೇ ಇಳಿಯಲಿದ್ದ ವೈರಸ್ ಇಳಿಯುತ್ತದೆ, ಮಾತ್ರೆಗೆ ಹೆಸರು ಬರುತ್ತದೆ. ಮುಂದಿನ ಸಲ ಮಗನಿಗೂ ಅದೇ ಹೆಸರಿನ ಸಿರಪ್ ಬರುತ್ತದೆ. ಆದರೆ ಮಗನಿಗೆ ಸ್ಟ್ರೆಪ್ಟೊಕಾಕಸ್ ಇದ್ದರೆ ಮೊದಲು ಕೊಡಬೇಕಾದದ್ದು ಅದಲ್ಲ. ಅಜಿತ್ರೋಮೈಸಿನ್‌ಗೆ ಬಗ್ಗದ ಸ್ಟ್ರೆಪ್ಟೊಕಾಕಸ್ ತಳಿಗಳು ಈಗಾಗಲೇ ಇವೆ. ಪೆನಿಸಿಲಿನ್ ಬಂದು ಎಂಟು ದಶಕಗಳಾದರೂ ಈ ಬ್ಯಾಕ್ಟೀರಿಯಾ ಅದಕ್ಕೆ ಇನ್ನೂ ಸೋಲುತ್ತಲೇ ಇದೆ. ಅಜಿತ್ರೋಮೈಸಿನ್ ಪೆನಿಸಿಲಿನ್ ಅಲರ್ಜಿ ಇರುವವರಿಗಾಗಿ ಇಟ್ಟುಕೊಳ್ಳಬೇಕಾದ ಔಷಧಿ.

ಹುಡುಗನ ಐದು ಅಂಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಂಕ ಪೂರ್ತಿ ಬಂದ ಮಕ್ಕಳಲ್ಲೂ ಸ್ಟ್ರೆಪ್ಟೊಕಾಕಸ್ ಸಿಗುವುದು ಹೆಚ್ಚುಕಡಿಮೆ ಅರ್ಧ ಮಂದಿಗೆ. ಅದಕ್ಕೇ ಸಾಧ್ಯವಿದ್ದಲ್ಲಿ ಹತ್ತಿ ಸುತ್ತಿದ ಕಡ್ಡಿಯಿಂದ ಎರಡೂ ಟಾನ್ಸಿಲ್ ಮತ್ತು ಹಿಂದಿನ ಗೋಡೆಯನ್ನು ಒರೆಸಿ ಪರೀಕ್ಷೆಗೆ ಕಳಿಸುತ್ತಾರೆ. ನಾಲಿಗೆಗೋ ಕೆನ್ನೆಗೋ ತಾಗಿ ಬಂದ ಕಡ್ಡಿ ನಂಬಿಕೆಗೆ ಅರ್ಹವಲ್ಲ. ಕಲ್ಚರ್ ವರದಿಗೆ ಒಂದೆರಡು ದಿನ ಬೇಕು. ಅಷ್ಟು ಕಾದರೆ ಅಪಾಯವಿಲ್ಲ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಆರಂಭಿಸಿದರೂ ಮುಂದಿನ ಅನಾಹುತ ತಪ್ಪಿಸಬಹುದು ಎಂಬುದು 1950ರ ದಶಕದಲ್ಲೇ ಗೊತ್ತಾಗಿದೆ. ಅಮೆರಿಕದ ವಯೋಮಿಂಗ್‌ನ ವಾಯುಪಡೆ ನೆಲೆಯೊಂದರಲ್ಲಿ ಸೈನಿಕರ ಮೇಲೆ ನಡೆದ ಅಧ್ಯಯನಗಳು ಅದನ್ನು ತೋರಿಸಿದವು.

ಸ್ಟ್ರೆಪ್ಟೊಕಾಕಸ್ ಸಿಕ್ಕಿತು ಎನ್ನೋಣ. ಹುಡುಗನ ತೂಕ 18 ಕೆ.ಜಿ. ಅಮಾಕ್ಸಿಸಿಲಿನ್ ದಿನಕ್ಕೆ ಕೆ.ಜಿ.ಗೆ 50 ಮಿಲಿಗ್ರಾಂ ಲೆಕ್ಕದಲ್ಲಿ 900 ಮಿಲಿಗ್ರಾಂ, ಹತ್ತು ದಿನ. ವೈದ್ಯರು ಬರೆಯುವುದು ಹೀಗೆ. ಎಡವಟ್ಟಾಗುವುದು ಆ ಹತ್ತು ದಿನದಲ್ಲಿ. ಮೂರನೇ ದಿನಕ್ಕೆ ಮಗು ಆಟಕ್ಕಿಳಿದಿರುತ್ತದೆ, ಬಾಟಲಿ ಫ್ರಿಜ್ಜಿನ ಬಾಗಿಲಿಗೆ ಸೇರುತ್ತದೆ. ಗಂಟಲು ವಾಸಿಯಾಗಲು ಮೂರು ದಿನ ಸಾಕು, ನಿಜ. ಔಷಧಿಯೇ ಇಲ್ಲದಿದ್ದರೂ ಒಂದು ವಾರಕ್ಕೆ ಅದು ವಾಸಿಯಾಗುತ್ತಿತ್ತು. ಹತ್ತು ದಿನ ಕೊಡುವುದು ಗಂಟಲಿಗಾಗಿ ಅಲ್ಲ, ಹೃದಯಕ್ಕಾಗಿ.

ಸ್ಟ್ರೆಪ್ಟೊಕಾಕಸ್ಸಿನ ಮೈಮೇಲಿರುವ ಕೆಲವು ಪ್ರೋಟೀನುಗಳು ನಮ್ಮ ಹೃದಯದ, ಕೀಲಿನ, ಮೆದುಳಿನ ಕೆಲವು ಅಂಗಾಂಶಗಳನ್ನು ಹೋಲುತ್ತವೆ. ಅದರ ವಿರುದ್ಧ ಎದ್ದ ದೇಹದ ಸೈನ್ಯ ಕೆಲವು ಮಕ್ಕಳಲ್ಲಿ ಗುರುತು ತಪ್ಪಿ ತನ್ನ ಮನೆಯವರ ಮೇಲೇ ಬೀಳುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರದ ಮೇಲೆ ಒಂದು ಮಂಡಿ ಊದುತ್ತದೆ, ಅದು ಇಳಿಯುವಷ್ಟರಲ್ಲಿ ಇನ್ನೊಂದು ಕೀಲು. ಇದು ರುಮ್ಯಾಟಿಕ್ ಜ್ವರ. ಕೀಲುಗಳು ಗುಣವಾಗುತ್ತವೆ. ಹೃದಯದ ಕವಾಟಕ್ಕೆ ಆದ ಗಾಯ ಉಳಿಯುತ್ತದೆ. ಎಡಭಾಗದ ಮೈಟ್ರಲ್ ಕವಾಟ ವರ್ಷಗಳು ಕಳೆದಂತೆ ದಪ್ಪವಾಗಿ, ಅಂಚುಗಳು ಅಂಟಿಕೊಂಡು, ಸಣ್ಣಗಾಗುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ದ್ವಾರ ಒಂದೂವರೆಗೂ ಕೆಳಗಿಳಿಯಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಇಂಥವರು ಬರುತ್ತಲೇ ಇದ್ದಾರೆ, ಅದರಲ್ಲೂ ಯುವತಿಯರು. ಎಷ್ಟೋ ಸಲ ಬಸುರಿಯಾದಾಗ ಏದುಸಿರು ಬಂದು ರೋಗ ಮೊದಲ ಬಾರಿಗೆ ಗೊತ್ತಾಗಿರುತ್ತದೆ. ತೊಡೆಸಂದಿನ ರಕ್ತನಾಳದಿಂದ ಬಲೂನು ತೂರಿಸಿ, ಹೃದಯದ ನಡುಗೋಡೆ ದಾಟಿಸಿ, ಕವಾಟದಲ್ಲಿ ಉಬ್ಬಿಸಿ ಅಂಚು ಬಿಡಿಸುವ ಚಿಕಿತ್ಸೆಗೆ ಆ ಸಂಸ್ಥೆ ಹೆಸರುವಾಸಿ. ಕೇಳಿದರೆ ಇವರಲ್ಲಿ ಅನೇಕರಿಗೆ ಚಿಕ್ಕಂದಿನ ಗಂಟಲು ನೋವು ನೆನಪಿರುವುದೇ ಇಲ್ಲ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಸ್ಟ್ರೆಪ್ಟೊಕಾಕಸ್ ತಗುಲದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಟಾನ್ಸಿಲ್ ತೆಗೆಸಿಬಿಡೋಣ ಎನಿಸುವುದು ಸಹಜ. ಅದಕ್ಕೂ ಒಂದು ಅಳತೆಯಿದೆ. ಒಂದು ವರ್ಷದಲ್ಲಿ ಏಳು ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ ಐದು ಸಲ, ಅಥವಾ ಸತತ ಮೂರು ವರ್ಷ ಮೂರು ಮೂರು ಸಲ ಜೋರಾಗಿ ಬಂದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಪಿಟ್ಸ್‌ಬರ್ಗ್‌ನ ಜ್ಯಾಕ್ ಪ್ಯಾರಡೈಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಅಳತೆ ಇದು. ಬರೀ ನೆನಪಿನ ಲೆಕ್ಕ ಸಾಲದು, ಪ್ರತಿ ಸಲದ ಜ್ವರ, ಕೀವು, ಗಂಟು ಚೀಟಿಯಲ್ಲಿ ದಾಖಲಾಗಿರಬೇಕು. "ವರ್ಷವೆಲ್ಲಾ ಬರ್ತಾನೇ ಇರುತ್ತೆ" ಎಂದು ಅಮ್ಮಂದಿರು ಹೇಳಿದಾಗ ವೈದ್ಯರು ಹಳೆ ಚೀಟಿ ಕೇಳುವುದು ಅದಕ್ಕೇ. ಟಾನ್ಸಿಲ್ ದಪ್ಪಗಿದೆ ಎಂಬುದಷ್ಟೇ ಕಾರಣವಲ್ಲ. ದಪ್ಪಗಿರುವುದರಿಂದ ಮಗು ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುತ್ತಿದ್ದರೆ ಆಗ ಅದು ಬೇರೆ ವಿಚಾರ, ತೆಗೆಸಲು ಒಳ್ಳೆಯ ಕಾರಣವೇ.

ಟಾರ್ಚ್ ಹಿಡಿದಾಗ ಎರಡು ನೋಟಗಳು ಕಂಡರೆ ಮನೆಮದ್ದಿಗೆ ಸಮಯವಿಲ್ಲ. ಒಂದು, ಒಂದೇ ಕಡೆ ಊತ, ಕಿರುನಾಲಿಗೆ ಎದುರು ಪಕ್ಕಕ್ಕೆ ತಳ್ಳಿಹೋಗಿರುವುದು. ರೋಗಿಗೆ ಬಾಯಿ ಎರಡು ಬೆರಳಗಲವೂ ತೆರೆಯಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ, ಮಾತು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಕೇಳುತ್ತದೆ. ಟಾನ್ಸಿಲ್‌ನ ಹಿಂದೆ ಕೀವಿನ ಗಡ್ಡೆ ಕಟ್ಟಿದೆ, ಸೂಜಿಯಿಂದಲೋ ಕೊಯ್ದೋ ಅದನ್ನು ಹೊರತೆಗೆಯಬೇಕು. ಎರಡು, ಟಾನ್ಸಿಲ್ ದಾಟಿ ಅಂಗುಳು, ಕಿರುನಾಲಿಗೆಯ ಮೇಲೆಲ್ಲ ಹಬ್ಬಿದ ಬೂದುಬಣ್ಣದ ಪೊರೆ. ಟಾನ್ಸಿಲೈಟಿಸ್‌ನ ಕೀವು ಒರೆಸಿದರೆ ಬರುತ್ತದೆ, ಈ ಪೊರೆ ಅಂಟಿಕೊಂಡಿರುತ್ತದೆ, ಕಿತ್ತರೆ ರಕ್ತ ಬರುತ್ತದೆ. ಕತ್ತು ಊದಿಕೊಂಡಿರುತ್ತದೆ. ಇದು ಗಂಟಲುಮಾರಿ. ಲಸಿಕೆ ಬಂದ ಮೇಲೆ ಹೋಯಿತೆಂದುಕೊಂಡರೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆಗಾಗ ತಲೆಯೆತ್ತಿದೆ. ಇಲ್ಲಿ ವಿಷನಿರೋಧಕ ಸೀರಮ್ ಬೇಗ ಸಿಗಬೇಕು. ಬೆಂಗಳೂರಿನಲ್ಲಿ ಇಂಥವರನ್ನು ಹಳೆ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಕಳಿಸುವ ರೂಢಿಯಿದೆ. ಶಾಲೆಯಲ್ಲಿ 10ನೇ ಮತ್ತು 16ನೇ ವಯಸ್ಸಿಗೆ ಹಾಕುವ ಟಿಡಿ ಚುಚ್ಚುಮದ್ದಿನಲ್ಲಿರುವ 'ಡಿ' ಇದೇ ರೋಗದ್ದು.

ಇನ್ನು ಟಾರ್ಚಿಗೆ ಕಾಣದ ಧ್ವನಿಪೆಟ್ಟಿಗೆ. ಹರಾಜು ಕೂಗುವವರ ಸಮಸ್ಯೆ ಇರುವುದು ಅಲ್ಲಿ. ಎರಡು ಧ್ವನಿತಂತುಗಳು, ಗಂಡಸರಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಕಡಿಮೆ ಉದ್ದ, ಹೆಂಗಸರಲ್ಲಿ ಇನ್ನೂ ಗಿಡ್ಡ. ಗಂಡಸು ಸಾಧಾರಣವಾಗಿ ಮಾತನಾಡುವಾಗ ಅವು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗಿ ಬಿಡುತ್ತವೆ, ಹೆಂಗಸಿನಲ್ಲಿ ಇನ್ನೂರರ ಆಸುಪಾಸು. ಅವುಗಳ ಅಂಚು ಊದಿದರೆ ತೂಕ ಹೆಚ್ಚುತ್ತದೆ. ತಂಬೂರಿ ತಂತಿಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಕಂಪನ ನಿಧಾನವಾಗಿ ದನಿ ದಪ್ಪವಾಗುತ್ತದೆ. ಊತ ಇನ್ನೂ ಹೆಚ್ಚಾಗಿ ಅಂಚುಗಳು ಸರಿಯಾಗಿ ಕೂಡದೆ ಹೋದರೆ ನಡುವಿನಿಂದ ಗಾಳಿ ಸೋರಿ ಬರೀ ಉಸಿರು ಹೊರಡುತ್ತದೆ.

ದಿಢೀರನೆ ಬಂದ ಲ್ಯಾರಿಂಜೈಟಿಸ್ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ನೆಗಡಿಯ ಬೆನ್ನಿಗೆ ಬಂದಿರುತ್ತದೆ, ಇಲ್ಲವೇ ಕೂಗಾಟದಿಂದ. ಆಂಟಿಬಯಾಟಿಕ್‌ನಿಂದ ಏನೂ ಬದಲಾಗುವುದಿಲ್ಲ. ನೀರು, ಹಬೆ ಮತ್ತು ಮಾತು ಕಡಿಮೆ ಮಾಡುವುದು, ಇಷ್ಟೇ ಮದ್ದು. ಅದರಲ್ಲೂ ಒಂದು ಎಡವಟ್ಟು ಆಗುತ್ತದೆ. ಗಂಟಲಿಗೆ ವಿಶ್ರಾಂತಿ ಕೊಡುತ್ತೇನೆಂದು ದಿನವಿಡೀ ಪಿಸುಗುಟ್ಟುವವರಿದ್ದಾರೆ. ಎಲ್ಲರಿಗೂ ಕೇಳಲೆಂದು ಬಲವಂತವಾಗಿ ಪಿಸುಗುಟ್ಟುವಾಗ ಹಲವರು ತಂತುಗಳ ಮೇಲಿನ ಮಡಿಕೆಗಳನ್ನೂ ಬಿಗಿಹಿಡಿಯುತ್ತಾರೆ. ಅದಕ್ಕಿಂತ ಮೆಲ್ಲಗೆ, ಸಹಜ ದನಿಯಲ್ಲಿ, ಕಡಿಮೆ ಮಾತನಾಡುವುದು ವಾಸಿ. ಗಂಟಲು ಕೆರೆದು ಖ್ಯಾಕರಿಸುವುದೂ ತಂತುಗಳನ್ನು ಬಡಿದಾಡಿಸಿದಂತೆಯೇ, ಒಂದು ಗುಟುಕು ನೀರು ಕುಡಿದರೆ ಅದೇ ಕೆಲಸ ಆಗುತ್ತದೆ. ಸೀಸನ್‌ನಲ್ಲಿ ಯಾರ್ಡಿನವರಿಗೆ ಇದೆಲ್ಲ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಕೂಗದಿದ್ದರೆ ಅವರ ಅಂದಿನ ವ್ಯಾಪಾರವೇ ಇಲ್ಲ. ಕೂತ ದನಿಯ ಮೇಲೇ ಮತ್ತೆ ಕೂಗುತ್ತಾ ಹೋದರೆ ತಂತುಗಳು ಹೆಚ್ಚು ಬಲವಾಗಿ ಬಡಿದುಕೊಳ್ಳುವ ಜಾಗದಲ್ಲಿ, ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಎರಡೂ ಕಡೆ ಗಂಟು ಬೀಳುತ್ತವೆ. ಶಾಲಾ ಶಿಕ್ಷಕಿಯರಿಗೂ ಇದೇ ಜಾಗದಲ್ಲಿ. ಆ ಗಂಟಿಗೆ ಮೊದಲ ಚಿಕಿತ್ಸೆ ಧ್ವನಿ ತರಬೇತಿ, ಚಾಕು ಆಮೇಲೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ತರಬೇತಿಯಿದೆ.

ಧ್ವನಿತಂತುಗಳು ಕೆಲಸ ಮಾಡುವುದನ್ನು ಮೊದಲು ಕನ್ನಡಿಯಲ್ಲಿ ನೋಡಿ ವಿವರಿಸಿದವನು ವೈದ್ಯನಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಗಂಟಲೊಳಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕು ಬಿಟ್ಟು, ಹಾಡುವಾಗ ತನ್ನದೇ ತಂತುಗಳು ಹೇಗೆ ಕೂಡುತ್ತವೆಂದು ನೋಡಿದ. ಈಗ ಇಎನ್‌ಟಿ ವೈದ್ಯರು ಮೂಗಿನ ಮೂಲಕ ಸಣ್ಣ ಬಳುಕುವ ಕೊಳವೆ ಇಳಿಸಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಯಾರಿಗೆ ಇದು ಬೇಕು? ದನಿ ಕೂತು ಮೂರು ನಾಲ್ಕು ವಾರವಾದರೂ ಬರದಿದ್ದವರಿಗೆ. ಬೀಡಿ ಸಿಗರೇಟು ಸೇದುವವರು, ಕುಡಿಯುವವರು, ನಲವತ್ತೈದು ದಾಟಿದವರು ಅಷ್ಟು ಕಾಯುವುದೂ ಬೇಡ. ತಂತುವಿನ ಮೇಲೆ ಹುಟ್ಟಿದ ಕ್ಯಾನ್ಸರ್ ಇನ್ನೂ ಸಣ್ಣದಿರುವಾಗಲೇ ದನಿ ಕೆಡಿಸುತ್ತದೆ, ಹಾಗಾಗಿ ಬೇಗ ತೋರಿಸಿದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. "ಸೀಸನ್‌ನಲ್ಲಿ ಎಲ್ಲರಿಗೂ ಹೀಗೇ" ಎಂದು ಆರು ತಿಂಗಳು ತಳ್ಳಿದವರ ಕಥೆ ಬೇರೆ.

ಚಿಕ್ಕ ಮಕ್ಕಳಲ್ಲಿ ಧ್ವನಿಪೆಟ್ಟಿಗೆಯ ಊತ ದನಿಗಿಂತ ಉಸಿರಿಗೆ ಕುತ್ತು ತರುತ್ತದೆ, ಅವರ ದಾರಿಯೇ ಅಷ್ಟು ಕಿರಿದು. ಎರಡು ದಿನ ನೆಗಡಿಯಿದ್ದ ಮಗು ನಡುರಾತ್ರಿ ಎದ್ದು ನಾಯಿ ಬೊಗಳಿದಂಥ ಕೆಮ್ಮು ಕೆಮ್ಮುತ್ತದೆ, ಉಸಿರು ಒಳಗೆಳೆಯುವಾಗ ಕರ್ಕಶ ಸದ್ದು ಬರುತ್ತದೆ. ಇದು ಕ್ರೂಪ್, ವೈರಸ್ಸಿನದು. ಆಸ್ಪತ್ರೆಯಲ್ಲಿ ಒಂದು ಡೋಸ್ ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನವರಿಗೆ ಕೆಲವು ತಾಸಿನಲ್ಲಿ ಸಲೀಸಾಗುತ್ತದೆ. ಸುಮ್ಮನೆ ಮಲಗಿರುವಾಗಲೂ ಆ ಸದ್ದು ಕೇಳುತ್ತಿದ್ದರೆ, ಎದೆಯ ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತಿದ್ದರೆ ಬೆಳಗಾಗಲಿ ಎನ್ನಬಾರದು. ಇನ್ನು ಕೆಮ್ಮೇ ಇಲ್ಲದೆ, ತೀವ್ರ ಜ್ವರದಲ್ಲಿ, ಮುಂದಕ್ಕೆ ಬಾಗಿ ಕೂತು ಜೊಲ್ಲು ಸುರಿಸುತ್ತಿರುವ ಮಗುವಿನ ಬಾಯಿಗೆ ಟಾರ್ಚನ್ನಾಗಲಿ ಚಮಚವನ್ನಾಗಲಿ ಒಯ್ಯಲೇಬಾರದು. ಧ್ವನಿಪೆಟ್ಟಿಗೆಯ ಮೇಲಿನ ಮುಚ್ಚಳ ಊದಿದ್ದರೆ ಮಗುವನ್ನು ಅಳಿಸಿದಾಗ, ನಾಲಿಗೆ ಒತ್ತಿದಾಗ ದಾರಿ ಪೂರ್ತಿ ಮುಚ್ಚಿಹೋಗಬಹುದು. ಕೂತ ಭಂಗಿಯಲ್ಲೇ ತೊಡೆಯ ಮೇಲಿಟ್ಟುಕೊಂಡು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿಬ್ ಲಸಿಕೆಯಿಂದಾಗಿ ಇದು ಈಗ ಅಪರೂಪ.

ದನಿ ಕೂತಿತೆಂದು ಹೋದವರಿಗೆ ಕೆಲವೊಮ್ಮೆ ಎದೆಯ ಎಕ್ಸ್‌ರೇ ಬರೆಯುತ್ತಾರೆ. ಗಂಟಲಿಗೆ ಬಂದವನಿಗೆ ಎದೆ ಏಕೆ ಎಂದು ಜಗಳ ಆಡುವವರೂ ಇದ್ದಾರೆ. ಎಡಭಾಗದ ಧ್ವನಿತಂತುವನ್ನು ಆಡಿಸುವ ನರ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನನ್ನು ಬಳಸಿ, ಮತ್ತೆ ಮೇಲೇರಿ ಧ್ವನಿಪೆಟ್ಟಿಗೆ ಸೇರುತ್ತದೆ. ಶ್ವಾಸಕೋಶದ ಗಡ್ಡೆ ಆ ದಾರಿಯಲ್ಲಿ ಅದನ್ನು ಒತ್ತಿದರೆ ಗಂಟಲಲ್ಲಿ ಏನೂ ಇಲ್ಲದೆಯೂ ದನಿ ಹೋಗುತ್ತದೆ. 1897ರಲ್ಲಿ ವಿಯೆನ್ನಾದ ನಾರ್ಬರ್ಟ್ ಆರ್ಟ್ನರ್ ಇನ್ನೊಂದು ಕಾರಣವನ್ನು ವರದಿ ಮಾಡಿದ. ಅವನ ರೋಗಿಗಳ ಮೈಟ್ರಲ್ ಕವಾಟ ಸಣ್ಣಗಾಗಿ, ಹಿಂದೆ ನಿಂತ ರಕ್ತದಿಂದ ಹೃದಯದ ಎಡ ಮೇಲ್ಕೋಣೆ ಹಿಗ್ಗಿತ್ತು, ಅದೇ ಒತ್ತಡದಲ್ಲಿ ಈ ನರ ಸಿಕ್ಕಿಕೊಂಡಿತ್ತು. ಅಂಥವರ ತಂತುಗಳನ್ನು ಕೊಳವೆಯಲ್ಲಿ ನೋಡಿದರೆ ಊತವಿಲ್ಲ, ಕೆಂಪಿಲ್ಲ. "ಈ" ಎನ್ನಿಸಿದಾಗ ಬಲತಂತು ನಡುವಿಗೆ ಬರುತ್ತದೆ, ಎಡತಂತು ಇದ್ದಲ್ಲೇ ಇರುತ್ತದೆ.